‘ಬಾರಲೇ’, ‘ಬರ್ರಿ’: ಒಂದು ಟೀಕೆಗೆ ಬರೆದ ಉತ್ತರ

ನನ್ನ ಲೇಖನದ ಮೇಲೆ ಬಂದ ಟೀಕೆಯನ್ನು ನಾನು ಮೊದಲು ಓದಿದ್ದು ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ, ನಿಂತುಕೊಂಡೇ. ಹೊಸದುರ್ಗದ ಕಾಲೇಜಿನಲ್ಲಿ ಕನ್ನಡ ಪಾಠ ಮುಗಿಸಿ ಚಿತ್ರದುರ್ಗದ ಕಡೆ ಹೊರಟಿದ್ದೆ. ಬಸ್ಸು ಕೆಟ್ಟಿತೆಂದು ಎಲ್ಲರನ್ನೂ ಇಳಿಸಿದ್ದರು. ಆಗ ಪತ್ರಿಕೆಯ ಸಂಪಾದಕರ ಸಂದೇಶ ಮೊಬೈಲಿಗೆ ಬಂತು. ‘ನಿಮ್ಮ ಲೇಖನದ ಬಗ್ಗೆ ಈ ಸಂಚಿಕೆಯಲ್ಲಿ ಒಂದು ವಿಮರ್ಶೆ ಪ್ರಕಟವಾಗಿದೆ. ಉತ್ತರ ಕೊಡುವುದು ನಿಮ್ಮ ಹಕ್ಕು. ಒಂದು ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.’ ಜೊತೆಯಲ್ಲೇ ಆ ಪುಟಗಳೂ ಇದ್ದವು.

ಓದುತ್ತ ಓದುತ್ತ ಕಿವಿ ಬಿಸಿಯಾಯಿತು. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ‘ಮೇಡಮ್ಮಾರೆ, ಮನಿಯಾಗೆ ಏನಾರ ಆಗೈತಾ?’ ಎಂದು ಕೇಳಿದಳು. ‘ಏನಿಲ್ಲಮ್ಮ’ ಎಂದೆ. ಏನು ಹೇಳಲಿ? ಯಾರೋ ನನ್ನ ಬರಹ ಒಪ್ಪಿಲ್ಲ ಎಂದರೆ ಅದು ಒಂದು ಆಪತ್ತೇ ಅಲ್ಲ.

ಲೇಖನದ ವಿಷಯ ಹೇಳಿದರೆ ಯಾರಿಗೂ ಅರ್ಥವಾಗುವಂಥದ್ದೇ. ನಮ್ಮ ಕಡೆ ಗೌರವ ಕೊಟ್ಟು ಕರೆಯುವಾಗ ‘ಬರ್ರಿ’, ‘ಕುಂತ್ಕಳ್ರಿ’ ಅನ್ನುತ್ತಾರೆ. ಸಲಿಗೆಗೋ, ಕೆಳಗೆ ಇಡುವುದಕ್ಕೋ ‘ಬಾರಲೇ’ ಅನ್ನುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲವರ ಜೇಬಿನಲ್ಲಿ, ಅವರ ಒಪ್ಪಿಗೆ ಪಡೆದು, ಚಿಕ್ಕ ರೆಕಾರ್ಡರ್ ಇಟ್ಟು, ಇಡೀ ದಿನದ ಮಾತು ದಾಖಲಿಸಿದ್ದೆ. ದಿನವೆಲ್ಲ ಜೊತೆಗಿರುವವರಿಗೂ ಮೊದಲೇ ಹೇಳಿರುತ್ತಿದ್ದೆ. ಕೇಳಿಸಿಕೊಂಡಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಒಬ್ಬ ಮನುಷ್ಯ ಅದೇ ಇನ್ನೊಬ್ಬನನ್ನು ಅಂಗಳದಲ್ಲಿ ಏಕವಚನದಲ್ಲೂ ಕಚೇರಿಯಲ್ಲೋ ಹೋಟೆಲಿನಲ್ಲೋ ಬಹುವಚನದಲ್ಲೂ ಕರೆಯುತ್ತಾನೆ. ಗೌರವ ವಯಸ್ಸಿಗೆ ಮಾತ್ರ ಅಂಟಿಕೊಂಡಿಲ್ಲ, ನಿಂತ ಜಾಗಕ್ಕೂ ಅಂಟಿಕೊಂಡಿದೆ ಎಂದು ಬರೆದಿದ್ದೆ. ಯಾವ ಮನೆತನದವರಿಗೆ ಎಲ್ಲಿ ‘ರಿ’ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದನ್ನೂ ಬರೆದಿದ್ದೆ.

ವಿಮರ್ಶೆ ಬರೆದವರು ನಿವೃತ್ತ ಪ್ರಾಧ್ಯಾಪಕರು. ಉಪಭಾಷೆಗಳ ವಿಷಯದಲ್ಲಿ ಅವರ ಮಾತಿಗೆ ತೂಕವಿದೆ. ಎಂ.ಎ.ಯಲ್ಲಿ ಅವರ ಬರಹಗಳನ್ನು ಓದಿಯೇ ನಾನು ಈ ದಾರಿ ಹಿಡಿದದ್ದು. ಅವರ ವಾದ ಹೀಗಿತ್ತು: ‘ರಿ’ ಉತ್ತರದ ಕಡೆಯಿಂದ ಹರಿದು ಬಂದ ರೂಪ, ತೆಲುಗು ಮಾತಾಡುವ ಮನೆಗಳಿರುವ ಪೂರ್ವಕ್ಕೆ, ಹಿರಿಯೂರಿನ ಕಡೆಗೆ ಹೋದಂತೆ ಅದು ತೆಳುವಾಗುತ್ತದೆ, ಇದು ಭೂಗೋಳದ ವ್ಯತ್ಯಾಸ, ಲೇಖಕಿ ಇದನ್ನು ಸಮಾಜದ ವ್ಯತ್ಯಾಸವೆಂದು ತಪ್ಪಾಗಿ ತಿಳಿದಿದ್ದಾರೆ. ಹಿರಿಯೂರಿನಿಂದ ಸಿಕ್ಕ ಧ್ವನಿಮುದ್ರಣ ತೀರ ಕಡಿಮೆ. ಅಲ್ಲದೆ ಎದುರಿಗೆ ಉಪನ್ಯಾಸಕಿ ಇದ್ದರೆ ಯಾರಾದರೂ ಮರ್ಯಾದೆಯಿಂದ ಮಾತಾಡುತ್ತಾರೆ. ಅದನ್ನು ಹೇಗೆ ನಿವಾರಿಸಿದರೆಂದು ಲೇಖಕಿ ಎಲ್ಲೂ ಹೇಳಿಲ್ಲ. ಮೂಲ ಧ್ವನಿಮುದ್ರಣಗಳನ್ನು ಎಲ್ಲರೂ ಕೇಳುವಂತೆ ಬಹಿರಂಗಪಡಿಸಬೇಕು. ಕೊನೆಯಲ್ಲಿ ಒಂದು ವಾಕ್ಯವಿತ್ತು: ‘ಲೇಖನದ ಮೇಲೆ ಲೇಖಕಿಯ ಸ್ವಂತ ಅನುಭವದ ಭಾರ ಹೆಚ್ಚಾಗಿ ಬಿದ್ದಂತಿದೆ.’

ಉಳಿದದ್ದೆಲ್ಲ ವಾದ. ಆ ಕೊನೆಯ ವಾಕ್ಯ ಮಾತ್ರ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ನನ್ನ ಜೊತೆ ಓಡಾಡತೊಡಗಿತು. ನಮ್ಮ ಅಪ್ಪ ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಮಾಡಿದವನು. ಚಿಕ್ಕವಳಿದ್ದಾಗ ಅಪ್ಪನಿಗಿಂತ ಎಷ್ಟೋ ಚಿಕ್ಕ ಹುಡುಗರು ಅವನನ್ನು ಹೆಸರು ಹಿಡಿದು ‘ಬಾರಲೇ’ ಅನ್ನುವುದನ್ನು ಕೇಳುತ್ತ ಬೆಳೆದೆ. ನನಗೆ ಕೆಲಸ ಸಿಕ್ಕ ಮೇಲೆ ಒಂದು ದಿನ ಬ್ಯಾಂಕಿನಲ್ಲಿ ಅವರಲ್ಲೇ ಒಬ್ಬ ಎದ್ದು ಜಾಗ ಬಿಟ್ಟು, ‘ಕುಂತ್ಕಳ್ರಿ’ ಎಂದಿದ್ದ. ಅಪ್ಪ ಕೂರಲೂ ಇಲ್ಲ, ನಿಲ್ಲಲೂ ಇಲ್ಲ, ಹಾಗೇ ಬಾಗಿದಂತೆ ಇದ್ದ. ಪ್ರಶ್ನೆ ಹುಟ್ಟಿದ್ದು ಅಲ್ಲೇ. ಆದರೆ ನನ್ನ ಊರನ್ನಾಗಲಿ ನನ್ನ ಬಂಧುಗಳನ್ನಾಗಲಿ ಅಧ್ಯಯನದೊಳಕ್ಕೆ ನಾನು ತಂದಿರಲಿಲ್ಲ. ಬೇಕೆಂದೇ ಬಿಟ್ಟಿದ್ದೆ.

ಮುಂದಿನ ದಿನಗಳಲ್ಲಿ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ತರಗತಿಯಲ್ಲಿ ಸಂಧಿ ಹೇಳಿಕೊಡುತ್ತ ಅರ್ಧಕ್ಕೆ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗುತ್ತಿದ್ದೆ. ಉತ್ತರಪತ್ರಿಕೆ ತಿದ್ದಲು ಕೂತರೆ ಅಂಚಿನಲ್ಲಿ ಆ ಪ್ರಾಧ್ಯಾಪಕರಿಗೆ ಉತ್ತರ ಗೀಚುತ್ತಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಯಾರಿಗೆ ‘ಮುಂದಕ್ ಬರ್ರಿ’ ಅಂದ, ಯಾರಿಗೆ ‘ಲೇ, ಒಳಗ್ ಹೋಗು’ ಅಂದ ಎಂದು ಎಣಿಸುತ್ತಿದ್ದೆ. ಹಾಗೆ ಒಂದು ವಾರದೊಳಗೆ ಬರೆದದ್ದು ನನ್ನ ಮೊದಲ ಕರಡು. ಲೇಖನಕ್ಕಿಂತಲೂ ಉದ್ದವಾಗಿತ್ತು.

ಅದನ್ನು ಹಿಡಿದುಕೊಂಡು ಚಿತ್ರದುರ್ಗಕ್ಕೆ ನನ್ನ ಮಾರ್ಗದರ್ಶಕಿಯ ಮನೆಗೆ ಹೋದೆ. ಪಿಎಚ್‌.ಡಿ. ಮುಗಿದು ವರ್ಷಗಳಾದರೂ ಅವರ ಮುಂದೆ ನಾನು ಈಗಲೂ ವಿದ್ಯಾರ್ಥಿನಿಯೇ. ಅವರು ಕನ್ನಡಕ ಹಾಕಿ, ಪೆನ್ಸಿಲ್ ತೆಗೆದುಕೊಂಡು, ಊಟದ ಮೇಜಿನ ಮೇಲಿದ್ದ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿ ಓದತೊಡಗಿದರು. ನಾನು ಕೂರಲಾರದೆ ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದೆ.

‘ಕುಂತ್ಕ ತಾಯಿ, ನನ್ನ ತಲೆ ತಿರುಗ್ತೈತೆ’ ಎಂದರು. ಸ್ವಲ್ಪ ಹೊತ್ತಾದ ಮೇಲೆ ಕಾಗದ ಮಡಿಸಿಟ್ಟರು. ‘ಇದು ಉತ್ತರ ಅಲ್ಲ, ಜಗಳ. “ಮಾನ್ಯರು ಲೇಖನವನ್ನು ಓದುವ ಶ್ರಮ ತೆಗೆದುಕೊಂಡಿದ್ದರೆ” ಅಂತ ಬರ್ದಿದೀಯ. ಅವ್ರು ಓದಿದಾರೆ. ಓದ್ದೇ ಇದ್ರೆ ಹಿರಿಯೂರಿನ ಮಾತು ಹೆಂಗೆ ಬರ್ತಿತ್ತು?’

‘ಅಡಿಟಿಪ್ಪಣಿ ಓದಿಲ್ಲ ಮೇಡಮ್. ನನ್ನ ಜೊತೆ ಆಡಿದ ಮಾತನ್ನೆಲ್ಲ ಲೆಕ್ಕದಿಂದ ಬಿಟ್ಟಿದೀನಿ ಅಂತ ಅಲ್ಲಿ ಬರೆದೈತೆ. ರೆಕಾರ್ಡರ್ ಇಟ್ಟ ಮೇಲೆ ಶುರುವಿನ ಮಾತನ್ನೂ ಬಿಟ್ಟಿದೀನಿ. ಎಲ್ಲೂ ಹೇಳಿಲ್ಲ ಅಂತಾರಲ್ಲ?’

‘ಹಂಗಾದ್ರೆ ಪುಟದ ಸಂಖ್ಯೆ ಕೊಟ್ಟು, ಇಲ್ಲಿ ಹೇಳಿದೆ ಅನ್ನು. ಅಷ್ಟೇ ಸಾಕು. ಅವ್ರು ಯಾಕೆ ನೋಡ್ಲಿಲ್ಲ ಅನ್ನೋದು ನಿಂಗೆ ಬೇಡ.’

‘ಕೊನೇ ವಾಕ್ಯಕ್ಕೆ?’

ಅವರು ಮಡಿಸಿಟ್ಟ ಕಾಗದವನ್ನು ಮತ್ತೆ ಬಿಡಿಸಿದರು. ನಾನು ಕರಡಿನಲ್ಲಿ ಅಪ್ಪನ ಬ್ಯಾಂಕಿನ ಕಥೆಯನ್ನು ಎರಡು ಪುಟ ಬರೆದಿದ್ದೆ. ‘ಇದನ್ನ ಬೇರೆ ಕಡೆ ಬರಿ. ಇಲ್ಲಿ ಬರೆದ್ರೆ ಓದೋರು ಅಯ್ಯೋ ಅಂತಾರೆ, ಒಪ್ಪಲ್ಲ. ನಿಂಗೆ ಯಾವುದು ಬೇಕು?’ ಎಂದರು.

ಆ ಮಾತಿಗೆ ನನಗೆ ಸಿಟ್ಟು ಬಂತು. ಅವರು ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಹೊರಟೆ. ಕೋಟೆಯ ಕಡೆಯ ಏರುದಾರಿಯಲ್ಲಿ ಬಿಸಿಲಲ್ಲಿ ಸುಮ್ಮನೆ ನಡೆದೆ. ಅವರ ಮಾತು ಸರಿ ಎಂದು ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಇನ್ನೂ ಸ್ವಲ್ಪ ದೂರ ನಡೆಯಬೇಕಾಯಿತು.

ಸಂಪಾದಕರಿಗೆ ಫೋನ್ ಮಾಡಿದೆ. ಮೆಲುದನಿಯ ಮನುಷ್ಯ. ‘ಹೊಸ ಸಾಮಗ್ರಿ ತರಬೇಡಿ. ವಿಮರ್ಶೆಯಲ್ಲಿ ಎತ್ತಿದ ಅಂಶಗಳಿಗೆ ಮಾತ್ರ ಉತ್ತರಿಸಿ. ಅಚ್ಚಿಗೆ ಮೊದಲು ಅವರಿಗೂ ಕಳಿಸ್ತೀವಿ, ಅವರ ಮಾತನ್ನ ತಪ್ಪಾಗಿ ಉಲ್ಲೇಖಿಸಿದ್ದರೆ ತಿಳಿಸಲಿ ಅಂತ. ಅಲ್ಲಿಗೆ ಚರ್ಚೆ ಮುಗಿಸ್ತೀವಿ’ ಎಂದರು.

‘ಧ್ವನಿಮುದ್ರಣ ಬಹಿರಂಗ ಮಾಡಿ ಅಂತ ಕೇಳಿದಾರಲ್ಲ ಸರ್? ಯಾರಿಗೂ ಕೇಳಿಸಲ್ಲ ಅಂತ ಜನರಿಗೆ ಮಾತು ಕೊಟ್ಟಿದೀನಿ.’

‘ಮಾತು ಕೊಟ್ಟಿದ್ದರೆ ಮುಗೀತು, ಬಹಿರಂಗ ಮಾಡೋ ಹಾಗಿಲ್ಲ. ಆದರೆ ಓದುಗರು ಸುಮ್ಮನೆ ನಿಮ್ಮನ್ನ ನಂಬಬೇಕು ಅನ್ನೋದೂ ಸರಿಯಲ್ಲ. ಆ ಜನ ಒಪ್ಪಿದರೆ, ಹೆಸರು ಊರು ತೆಗೆದು, ಮಾತಿನ ಬರಹರೂಪವನ್ನ ನನ್ನ ಹತ್ತಿರ ಇಡಿ. ಕೇಳಿದವರು ಬಂದು ನೋಡಲಿ.’

ಭೂಗೋಳದ ವಾದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರವೊಂದಿತ್ತು. ಭೀಮಸಮುದ್ರದ ಆಚೆಯ ಒಂದು ಊರಿನ ಅಡಿಕೆ ವ್ಯಾಪಾರಿಯೊಬ್ಬರ ದಿನದ ಮಾತು. ಬೆಳಿಗ್ಗೆ ತಮ್ಮ ಕಣದಲ್ಲಿ ಟ್ರ್ಯಾಕ್ಟರ್ ಓಡಿಸುವವನಿಗೆ ‘ಬಾರಲೇ, ಆ ಚೀಲ ಎತ್ತಲೇ’ ಅನ್ನುತ್ತಾರೆ. ಮಧ್ಯಾಹ್ನ ಅದೇ ಊರಿನ ಪಂಚಾಯ್ತಿ ಕಚೇರಿಯಲ್ಲಿ ಅದೇ ಟ್ರ್ಯಾಕ್ಟರಿನವನಿಗೆ ‘ಬರ್ರಿ, ಇತ್ಲಾಗ್ ಕುಂತ್ಕಳ್ರಿ’ ಅನ್ನುತ್ತಾರೆ, ಏಕೆಂದರೆ ಅವನು ಪಂಚಾಯ್ತಿ ಸದಸ್ಯ. ಒಂದೇ ಊರು, ಒಂದೇ ದಿನ, ಅವೇ ಇಬ್ಬರು. ಇಲ್ಲಿ ಉತ್ತರವೂ ಇಲ್ಲ, ಪೂರ್ವವೂ ಇಲ್ಲ. ಇದನ್ನು ಲೇಖನದಲ್ಲಿ ಬರೆದಿದ್ದೆ. ಇವರ ಒಪ್ಪಿಗೆ ಸಿಕ್ಕರೆ ಬರಹರೂಪವನ್ನು ಸಂಪಾದಕರ ಬಳಿ ಇಡಬಹುದಿತ್ತು. ಒಪ್ಪಿಗೆ ಕೇಳಬೇಕೆಂದರೆ ಏನು ಮಾತಾಡಿದ್ದಾರೆಂದು ಅವರಿಗೇ ಕೇಳಿಸಬೇಕು. ಅದೇ ನನಗೆ ಹೆದರಿಕೆ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ವ್ಯಾಪಾರಿ ಜಗಲಿಯಲ್ಲೇ ಇದ್ದರು. ‘ಬರ್ರಿ ಮೇಡಮ್ಮಾರೆ, ಬರ್ರಿ. ಏನು, ಮತ್ತೆ ಜೇಬಿಗೆ ಯಂತ್ರ ಇಡ್ತೀರೇನು?’ ಎಂದು ನಕ್ಕರು. ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ನಾನು ಬಂದ ಕಾರಣ ಹೇಳಿ, ಕಿವಿಗೆ ಹಾಕಿಕೊಳ್ಳುವ ತಂತಿ ಕೊಟ್ಟೆ. ಅವರು ಬೇಡವೆಂದರು. ‘ಜೋರಾಗೇ ಹಚ್ರಿ, ನಮ್ಮನಿಯಾಗೆ ಏನ್ ಮುಚ್ಚುಮರಿ?’

ಮೊದಲು ಕಣದ ಮಾತು ಬಂತು. ಆಮೇಲೆ ಪಂಚಾಯ್ತಿಯ ಮಾತು. ಅವರ ನಗು ನಿಧಾನವಾಗಿ ಇಳಿಯಿತು.

‘ಇದು ನಾನಲ್ಲ’ ಎಂದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, ‘ನೀವೇ. ದಿನಾ ಹಂಗೇ ಅಂತೀರಿ’ ಎಂದರು.

‘ನೀ ಸುಮ್ಕಿರೇ. ಏನ್ರಿ ಮೇಡಮ್, ಅವ್ನೂ ನಾನೂ ಚಿಕ್ಕಂದಿಂದ ಜತೆಗೆ ಬೆಳ್ದೀವಿ. ಅದು ಸಲಿಗೆ. ನೀವು ಏನೇನೋ ಅರ್ಥ ಹಚ್ಚಿ ಪತ್ರಿಕಿಗೆ ಹಾಕಿದ್ರೆ?’

‘ನಿಮ್ಮ ಹೆಸರಿಲ್ಲ, ಊರಿಲ್ಲ. ಸಲಿಗೆ ಇರಬಹುದು ಅಂತಲೂ ಬರೆದಿದೀನಿ’ ಎಂದೆ. ಅದು ನಿಜವೇ.

‘ಸಲಿಗೆ ಅಂದ್ರೆ ಅವ್ನೂ ನಿಮಗೆ ಬಾರಲೇ ಅಂತಾನೇನು?’ ಎಂದು ಕೇಳಿದ್ದು ನಾನಲ್ಲ, ಅವರ ಹೆಂಡತಿ. ಕೇಳಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ವ್ಯಾಪಾರಿ ಎದ್ದು ಅಂಗಳಕ್ಕೆ ಇಳಿದರು. ಒಣಗಿಸಿದ್ದ ಅಡಿಕೆಯನ್ನು ಕಾಲಿನಿಂದ ಸುಮ್ಮನೆ ಅತ್ತಿತ್ತ ಸರಿಸಿದರು. ನಾನು ಯಂತ್ರವನ್ನು ಚೀಲಕ್ಕೆ ಹಾಕಿದೆ. ಇಲ್ಲ ಅನ್ನುತ್ತಾರೆ, ಇಲ್ಲ ಅನ್ನುವ ಹಕ್ಕು ಅವರದು ಎಂದು ಮನಸ್ಸನ್ನು ಸಿದ್ಧಮಾಡಿಕೊಳ್ಳುತ್ತಿದ್ದೆ. ಅವರು ತಿರುಗಿ ಬಂದು, ‘ದನಿ ಯಾರ್ಗೂ ಕೇಳಿಸ್ಬ್ಯಾಡ್ರಿ. ಬರ್ದಿದ್ದು ತೋರಿಸ್ಕಳ್ರಿ. ಅವ್ನನ್ನೂ ಒಂದು ಮಾತು ಕೇಳ್ರಿ’ ಎಂದರು.

ಟ್ರ್ಯಾಕ್ಟರಿನವನ ಮನೆ ಎರಡು ಬೀದಿ ಆಚೆ. ಅವನು ಪಂಚಾಯ್ತಿಯ ನೀರಿನ ಪೈಪಿನ ವಿಷಯಕ್ಕೆ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದ. ಮುಗಿಸಿ ನನ್ನ ಮಾತು ಕೇಳಿದ. ‘ಅವ್ರು ಹ್ಞೂಂ ಅಂದ್ರಾ?’ ಎಂದ. ಅಂದರು ಎಂದೆ. ‘ಹಂಗಾದ್ರೆ ನಂದೇನೈತ್ರಿ, ಹಾಕ್ರಿ’ ಎಂದವನು, ನಾನು ಎದ್ದ ಮೇಲೆ ಕೇಳಿದ: ‘ಕೇಳಿ ಅವ್ರು ಏನಂದ್ರು?’

‘ಇದು ನಾನಲ್ಲ ಅಂದ್ರು.’

ಅವನು ಜೋರಾಗಿ ನಕ್ಕ. ಆ ನಗುವಿನಲ್ಲಿ ಏನೇನಿತ್ತೋ ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ಮರುವಾರ ಊರಿಗೆ ಹೋದಾಗ ಅಪ್ಪನಿಗೆ ವಿಷಯ ಹೇಳಿದೆ. ದೊಡ್ಡವರೊಬ್ಬರು ನಿನ್ನ ಮಗಳ ಬರಹದಲ್ಲಿ ಅವಳ ಸ್ವಂತ ಅನುಭವ ಜಾಸ್ತಿ ಆಯಿತು ಅಂದಿದಾರೆ, ನಿನ್ನ ಬ್ಯಾಂಕಿನ ವಿಷಯ ಬರೆಯಲೇ ಎಂದು ಕೇಳಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ನಿಲ್ಲಿಸಿದ. ‘ಬ್ಯಾಡವ್ವ. ಅವ್ರ ಮನಿ ಮುಂದೇ ನಾನು ದಿನಾ ಓಡಾಡ್ಬೇಕು’ ಎಂದ. ಅಷ್ಟೇ. ನನಗೆ ಬೇಸರವಾಯಿತು, ಹಗುರವೂ ಆಯಿತು. ಆ ಎರಡು ಪುಟಗಳನ್ನು ತೆಗೆದುಹಾಕಿದೆ.

ಉತ್ತರವನ್ನು ಮೊದಲಿನಿಂದ ಬರೆದೆ. ವಿಮರ್ಶಕರು ಶ್ರದ್ಧೆಯಿಂದ ಓದಿದ್ದಕ್ಕೆ ಕೃತಜ್ಞತೆ ಹೇಳಿದೆ. ಬರೆಯುವಾಗ ಅದು ಔಪಚಾರಿಕ ಮಾತು ಅನ್ನಿಸಿತ್ತು. ಎರಡನೆಯ ಸಲ ಓದಿದಾಗ ನಿಜವಾಗಿಯೇ ಹೇಳುತ್ತಿದ್ದೇನೆ ಅನ್ನಿಸಿತು. ಹಿರಿಯೂರಿನ ಕುರಿತು ಅವರ ಆಕ್ಷೇಪ ಸರಿಯಾಗಿತ್ತು. ‘ಆ ತಾಲ್ಲೂಕಿನ ಸಾಮಗ್ರಿ ಕಡಿಮೆ. ಆದ್ದರಿಂದ ನನ್ನ ತೀರ್ಮಾನವನ್ನು ಉಳಿದ ಮೂರು ತಾಲ್ಲೂಕುಗಳಿಗೆ ಸೀಮಿತಗೊಳಿಸುತ್ತೇನೆ’ ಎಂದು ಬರೆದೆ. ಆ ಒಂದು ಸಾಲು ಬರೆಯಲು ಹಿಡಿದಷ್ಟು ಹೊತ್ತು ಬೇರಾವ ಸಾಲಿಗೂ ಹಿಡಿಯಲಿಲ್ಲ.

ಉಳಿದದ್ದರಲ್ಲಿ ಹಿಂದೆ ಸರಿಯಲಿಲ್ಲ. ‘ರಿ’ ರೂಪ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಬಂದ ಮೇಲೆ ಅದನ್ನು ಯಾರು ಯಾರಿಗೆ ಎಲ್ಲಿ ಬಳಸುತ್ತಾರೆ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ವಿಮರ್ಶಕರ ಉತ್ತರ ಸರಿಯಿದ್ದರೂ ಎರಡನೆಯದು ಹಾಗೇ ಉಳಿಯುತ್ತದೆ ಎಂದೆ. ಒಂದೇ ಊರಿನ ಇಬ್ಬರ ಮಾತನ್ನು ಪಕ್ಕಪಕ್ಕದಲ್ಲಿಟ್ಟೆ. ಅಡಿಟಿಪ್ಪಣಿಯ ಪುಟ ತೋರಿಸಿದೆ. ಧ್ವನಿಯನ್ನು ಬಹಿರಂಗಪಡಿಸಲು ಸಾಧ್ಯವಿಲ್ಲ, ಏಕೆಂದರೆ ಅದು ನನ್ನದಲ್ಲ. ಮಾತಾಡಿದವರ ಒಪ್ಪಿಗೆಯಿಂದ ಬರಹರೂಪ ಸಂಪಾದಕರಲ್ಲಿದೆ ಎಂದು ತಿಳಿಸಿದೆ. ಕೊನೆಯ ವಾಕ್ಯಕ್ಕೆ ಹೀಗೆ ಬರೆದೆ: ‘ಪ್ರಶ್ನೆ ನನ್ನ ಅನುಭವದಿಂದ ಹುಟ್ಟಿದ್ದು ನಿಜ. ಉತ್ತರವನ್ನು ಅಲ್ಲಿಂದ ಪಡೆದಿಲ್ಲ. ನನ್ನ ಊರು, ನನ್ನ ಬಂಧುಗಳು ಈ ಸಾಮಗ್ರಿಯಲ್ಲಿಲ್ಲ. ಲೇಖನದ ಯಾವ ನಿರ್ಣಯ ಆಧಾರ ಮೀರಿದೆ ಎಂದು ವಿಮರ್ಶಕರು ತೋರಿಸಿದರೆ ಅದನ್ನು ಪರಿಶೀಲಿಸುತ್ತೇನೆ. ಲೇಖಕಿ ಎಲ್ಲಿಂದ ಬಂದವಳು ಎಂಬುದು ಆಧಾರದ ಕೊರತೆಯಾಗಲಾರದು.’

ಮಾರ್ಗದರ್ಶಕಿ ಫೋನಿನಲ್ಲೇ ಕೇಳಿಸಿಕೊಂಡರು. ‘ಕೊನೇದು ಬಿಗಿಯಾಗೈತೆ’ ಎಂದರು.

‘ಸಡಿಲ ಮಾಡ್ಲಾ?’

‘ಬೇಡ. ಒಂದು ಅಕ್ಷರ ಮುಟ್ಟಬೇಡ.’

ಕಳಿಸಿದ ಮೇಲೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಫೋನ್ ಸದ್ದಾದಾಗಲೆಲ್ಲ ಆ ಪ್ರಾಧ್ಯಾಪಕರದೇ ಅನ್ನಿಸುತ್ತಿತ್ತು. ಮುಂದೆ ಯಾವುದಾದರೂ ಆಯ್ಕೆ ಸಮಿತಿಯಲ್ಲಿ ಅವರು ಕೂತಿದ್ದರೆ? ಸಿರಿಗೆರೆಯ ಕಡೆಯಿಂದ ಬರುವ ಸಹೋದ್ಯೋಗಿಯೊಬ್ಬರು, ‘ದೊಡ್ಡೋರ ಎದುರು ಹಾಕ್ಕಂಡ್ರಿ ಬಿಡ್ರಿ’ ಎಂದು ನಗುತ್ತ ಹೇಳಿದ್ದು ಆ ಭಯವನ್ನು ಹೆಚ್ಚಿಸಿತು.

ಒಂದು ದಿನ ಸಂಪಾದಕರು ಫೋನ್ ಮಾಡಿದರು. ಪ್ರಾಧ್ಯಾಪಕರು ಕಚೇರಿಗೇ ಬಂದು ಬರಹರೂಪವನ್ನು ಪೂರ್ತಿ ನೋಡಿದರಂತೆ. ನನ್ನ ಉತ್ತರದಲ್ಲಿ ಒಂದು ಪದವನ್ನೂ ಬದಲಿಸಲು ಕೇಳಲಿಲ್ಲವಂತೆ. ಉತ್ತರದ ಕೆಳಗೆ ಹಾಕಲು ಒಂದು ಚಿಕ್ಕ ಟಿಪ್ಪಣಿ ಕೊಟ್ಟಿದ್ದರು. ಅಡಿಟಿಪ್ಪಣಿ ತಮ್ಮ ಕಣ್ಣು ತಪ್ಪಿದ್ದಕ್ಕೆ ವಿಷಾದವಿದೆ ಎಂದೂ ‘ಎಲ್ಲೂ ಹೇಳಿಲ್ಲ’ ಎಂಬ ಮಾತನ್ನು ಹಿಂತೆಗೆದುಕೊಳ್ಳುವುದಾಗಿಯೂ ಬರೆದಿದ್ದರು. ಭೂಗೋಳದ ಪ್ರಶ್ನೆ ಹಿರಿಯೂರಿನಲ್ಲಿ ಇನ್ನೂ ತೆರೆದೇ ಇದೆ ಎಂಬುದು ತಮ್ಮ ಅಭಿಪ್ರಾಯ. ಸ್ವಂತ ಅನುಭವದ ವಾಕ್ಯದ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಹಿಂತೆಗೆದುಕೊಂಡಿರಲೂ ಇಲ್ಲ, ಸಮರ್ಥಿಸಿಕೊಂಡಿರಲೂ ಇಲ್ಲ. ಸಂಚಿಕೆ ಬಂದಾಗ ನಾನು ಎಲ್ಲಕ್ಕಿಂತ ಮೊದಲು ಹುಡುಕಿದ್ದು ಆ ಮೌನವನ್ನೇ.

ಆಮೇಲೆ ಒಮ್ಮೆ ಚಿತ್ರದುರ್ಗದಲ್ಲಿ ನಡೆದ ವಿಚಾರಸಂಕಿರಣದಲ್ಲಿ ಅವರು ಸಿಕ್ಕರು. ಊಟದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ತಟ್ಟೆ ಹಿಡಿದು ತಿರುಗಿ, ‘ಪೂರ್ವದ ಕಡೆ ಯಾವಾಗ ಹೋಗ್ತೀರಿ?’ ಎಂದು ಕೇಳಿದರು, ನಿನ್ನೆಯ ಮಾತು ಮುಂದುವರಿಸುವವರಂತೆ. ರಜೆಯಲ್ಲಿ ಎಂದೆ. ‘ತೆಲುಗು ಬರುತ್ತಾ?’ ಎಂದರು. ಅಷ್ಟಿಷ್ಟು ಎಂದೆ. ‘ಕಲೀರಿ. ಮನೆಯೊಳಗೆ ತೆಲುಗಿನಲ್ಲಿ ಹೇಗೆ ಕರೀತಾರೆ ಅಂತ ನೋಡದೆ ಅಲ್ಲಿನ ಕನ್ನಡ ಅರ್ಥವಾಗಲ್ಲ’ ಎಂದು ಮುದ್ದೆ ಹಾಕಿಸಿಕೊಂಡು ಮುಂದೆ ಸಾಗಿದರು.

ಈಗ ರಜೆ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಕಡೆ ಎರಡು ಮನೆಗಳವರು ಒಪ್ಪಿದ್ದಾರೆ. ಬಸ್ಸಿನಲ್ಲಿ ಕೂತು ತೆಲುಗಿನ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತೇನೆ. ಮೊನ್ನೆ ಅಡಿಕೆ ವ್ಯಾಪಾರಿಯ ಹೆಂಡತಿ ಫೋನ್ ಮಾಡಿದ್ದರು. ಕುಶಲ ಕೇಳಿ, ‘ನೀವು ಬಂದು ಹೋದ ಮೇಲೆ ನಮ್ಮನೆಯವ್ರು ಆ ಟ್ರ್ಯಾಕ್ಟರಿನವ್ನನ್ನ ಕರಿಯೋದೇ ಬಿಟ್ಟಾರೆ ಕಣ್ರಿ. ಬಾರಲೇ ಅನ್ನಕೂ ಬಾಯಿ ಬರಲ್ಲ, ಬರ್ರಿ ಅನ್ನಕೂ ಬರಲ್ಲ. ಕಣದಾಗೆ ನಿಂತು ಬರೇ ಕೆಮ್ತಾರೆ’ ಎಂದರು.

ನಗು ಬಂತು. ಫೋನ್ ಇಟ್ಟ ಮೇಲೆ ನಗು ಹೋಯಿತು. ಅವರ ಮಾತನ್ನು ಅವರಿಗೇ ಕೇಳಿಸಿದ್ದು ತಪ್ಪೋ ಸರಿಯೋ ಗೊತ್ತಾಗದೆ, ಎದ್ದು ಚಪ್ಪಲಿ ಮೆಟ್ಟಿ, ಸಂಜೆಯ ಬಿಸಿಲಿನಲ್ಲಿ ಹೊಸದುರ್ಗದ ರಸ್ತೆಯಲ್ಲಿ ಬಹಳ ದೂರ ನಡೆದೆ.